ಪಾಸ್‌ವರ್ಡ್ ಸರಿ ಇದ್ರೂ ಲಾಗಿನ್ ಪೇಜ್ ವಾಪಸ್ ಬರ್ತಿದೆ, ತಪ್ಪು ಎಲ್ಲಿದೆ?

ಕ್ರೋಮ್‌ನಿಂದ ಥರ್ಡ್ ಪಾರ್ಟಿ ಕುಕೀ, ಅಂದ್ರೆ ನಾವು ತೆಗೆದ ಸೈಟ್ ಒಳಗೆ ಕೂತ ಬೇರೆ ಸೈಟ್ ನಮ್ಮ ಬ್ರೌಸರ್‌ನಲ್ಲಿ ಇಡೋ ಗುರುತು, ತೆಗೆಯಲ್ಲ ಅಂತ ಗೂಗಲ್ 2025ರ ಏಪ್ರಿಲ್‌ನಲ್ಲಿ ಹೇಳಿಬಿಡ್ತು. 2020ರಲ್ಲಿ "ಎರಡು ವರ್ಷದಲ್ಲಿ ತೆಗೀತೀವಿ" ಅಂದವರು ಅದನ್ನ 2023ಕ್ಕೆ ತಳ್ಳಿದ್ರು, ಆಮೇಲೆ 2024ಕ್ಕೆ ತಳ್ಳಿದ್ರು, 2024ರ ಜನವರಿಯಲ್ಲಿ ನೂರಕ್ಕೆ ಒಬ್ಬರಿಗೆ ಟೆಸ್ಟ್ ಅಂತ ಬ್ಲಾಕ್ ಮಾಡಿದ್ರು, ಅದೇ ಜುಲೈನಲ್ಲಿ "ಬಳಸೋರೇ ತೀರ್ಮಾನ ಮಾಡ್ಲಿ, ಒಂದು ಪ್ರಶ್ನೆ ಕೇಳ್ತೀವಿ" ಅಂದ್ರು, ಕೊನೆಗೆ ಆ ಪ್ರಶ್ನೆನೂ ಕೇಳಲ್ಲ, ಇದ್ದ ಸೆಟ್ಟಿಂಗ್ ಇದ್ದ ಹಾಗೇ ಇರುತ್ತೆ ಅಂತ ಕೈಬಿಟ್ರು. ಸುದ್ದಿ ಓದಿದವರಿಗೆ ಅನಿಸಿದ್ದು ಇಷ್ಟೇ, ಕುಕೀ ಗಲಾಟೆ ಮುಗೀತು, ಇನ್ನು ಸೈಟ್‌ಗಳು ಮೊದಲಿನ ಥರ ನಡೀತವೆ.

ಆದ್ರೆ ಗಲಾಟೆ ಮುಗಿದಿಲ್ಲ. ಕಾಲೇಜಿನ ಸೈಟ್‌ಗೆ ಹೋಗಿ, ಪೇಜ್ ಮಧ್ಯೆ ಇರೋ ಲಾಗಿನ್ ಬಾಕ್ಸ್‌ನಲ್ಲಿ ನಂಬರ್, ಪಾಸ್‌ವರ್ಡ್ ಹಾಕಿ ಒತ್ತಿದ್ರೆ ಒಂದು ಸಲ ಪೇಜ್ ಮಿನುಗಿ ಮತ್ತೆ ಅದೇ ಖಾಲಿ ಬಾಕ್ಸ್ ಬರುತ್ತೆ. ತಪ್ಪು ಪಾಸ್‌ವರ್ಡ್ ಅಂತ ಹೇಳಲ್ಲ, ಸರ್ವರ್ ಡೌನ್ ಅಂತನೂ ಹೇಳಲ್ಲ. ಪಕ್ಕದಲ್ಲಿ ಕೂತ ಫ್ರೆಂಡ್ ಫೋನಲ್ಲಿ ಅದೇ ನಂಬರ್, ಅದೇ ಪಾಸ್‌ವರ್ಡ್ ಹಾಕಿದ್ರೆ ಒಳಗೆ ಹೋಗುತ್ತೆ. ಗೂಗಲ್ ಕುಕೀ ಬ್ಲಾಕ್ ಮಾಡ್ಲೇ ಇಲ್ಲ ಅಂದ್ಮೇಲೆ ಇದು ಹೇಗೆ ಆಗ್ತಿದೆ ಅನ್ನೋದೇ ಜನಕ್ಕೆ ಗೊಂದಲ.

ಕ್ರೋಮ್ ಒಂದೇ ಬ್ರೌಸರ್ ಅಲ್ಲ

ಮೊದಲು ಸುದ್ದಿಯಲ್ಲಿ ಬಿಟ್ಟುಹೋದ ಭಾಗ. ಆ ಐದು ವರ್ಷದ ಸುದ್ದಿಯೆಲ್ಲ ಕ್ರೋಮ್ ಬಗ್ಗೆ ಮಾತ್ರ ಇತ್ತು. ಆಪಲ್‌ನ ಸಫಾರಿ 2020ರ ಮಾರ್ಚ್‌ನಲ್ಲೇ ಥರ್ಡ್ ಪಾರ್ಟಿ ಕುಕೀಗಳನ್ನ ಪೂರ್ತಿ ನಿಲ್ಲಿಸಿತ್ತು, ಯಾರನ್ನೂ ಕೇಳಲೂ ಇಲ್ಲ, ದಿನಾಂಕ ಮುಂದೂಡಲೂ ಇಲ್ಲ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಎಲ್ಲರಿಗೂ ಪ್ರತಿ ಸೈಟ್‌ಗೆ ಬೇರೆ ಬೇರೆ ಕುಕೀ ಡಬ್ಬ ಇಡೋ ವ್ಯವಸ್ಥೆ ತಂತು. ಬ್ರೇವ್ ಬ್ರೌಸರ್ ಥರ್ಡ್ ಪಾರ್ಟಿ ಕುಕೀ ಬಿಡಲ್ಲ. ಕ್ರೋಮ್‌ನಲ್ಲೇ ಇನ್‌ಕಾಗ್ನಿಟೋ ವಿಂಡೋ ತೆಗೆದ್ರೆ ಅಲ್ಲೂ ಇವು ಬ್ಲಾಕ್ ಆಗಿರ್ತವೆ, ಮಾಮೂಲಿ ವಿಂಡೋದಲ್ಲೂ ಸೆಟ್ಟಿಂಗ್‌ನಲ್ಲಿ ಹೋಗಿ ಬ್ಲಾಕ್ ಮಾಡ್ಕೊಂಡವರು ಇದ್ದೇ ಇರ್ತಾರೆ.

ಐಫೋನ್‌ನಲ್ಲಿ ಕ್ರೋಮ್ ಹಾಕ್ಕೊಂಡ್ರೂ ತಪ್ಪಿಸ್ಕೊಳ್ಳೋಕಾಗಲ್ಲ, ಯಾಕಂದ್ರೆ ನಮ್ಮಲ್ಲಿ ಸಿಗೋ ಐಫೋನ್ ಬ್ರೌಸರ್‌ಗಳೆಲ್ಲ ಒಳಗೆ ಸಫಾರಿಯ ಇಂಜಿನ್ ಮೇಲೇ ಓಡೋದು. "ಅವ್ನ ಕ್ರೋಮಲ್ಲಿ ಆಗುತ್ತೆ, ನನ್ ಕ್ರೋಮಲ್ಲಿ ಯಾಕಾಗಲ್ಲ" ಅನ್ನೋ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇದೇ, ಒಬ್ಬನದು ಆಂಡ್ರಾಯ್ಡ್, ಇನ್ನೊಬ್ಬನದು ಐಫೋನ್.

ಇನ್ನು ಸೈಬರ್ ಸೆಂಟರ್ ಕಥೆ. ತುಮಕೂರು ಬಸ್‌ಸ್ಟ್ಯಾಂಡ್ ಸುತ್ತಮುತ್ತ ಇರಲಿ, ಚಿಂತಾಮಣಿ, ಮುಳಬಾಗಿಲು ಇರಲಿ, ಜವಾಬ್ದಾರಿ ಇರೋ ಸೈಬರ್‌ನವರು ಗಿರಾಕಿಯ ಲಾಗಿನ್ ಇನ್ಕಾಗ್ನಿಟೋದಲ್ಲೇ ತೆಗೀತಾರೆ, ಒಬ್ಬ ಹುಡುಗನ ಅಕೌಂಟ್ ಮುಂದಿನ ಗಿರಾಕಿಗೆ ತೆರೆದು ಉಳೀಬಾರದು ಅಂತ. ಒಳ್ಳೆ ಅಭ್ಯಾಸ. ಈ ತೊಂದರೆಯಲ್ಲಿ ಮೊದಲು ಸಿಕ್ಕಿಹಾಕ್ಕೊಳ್ಳೋದೂ ಅದೇ ಅಭ್ಯಾಸ ಇರೋರು. ಗಿರಾಕಿ ಎದುರಿಗೆ ಕೂತು "ಪಾಸ್‌ವರ್ಡ್ ಸರಿ ಐತಣ್ಣ, ನಿನ್ನೆ ಮನೇಲಿ ಹೋಗಿತ್ತು" ಅಂತಾನೆ, ಅವನು ಹೇಳ್ತಿರೋದು ನಿಜ ಕೂಡ.

ಸೆಷನ್ ಅಂದ್ರೆ ಏನು, ಅದು ಕಳೆದುಹೋಗೋದು ಹೇಗೆ

ಬ್ರೌಸರ್ ಸರ್ವರ್‌ಗೆ ಕಳಿಸೋ ಪ್ರತಿ ಕೋರಿಕೆನೂ ಸರ್ವರ್‌ಗೆ ಹೊಸದೇ. ಒಂದು ಸೆಕೆಂಡ್ ಹಿಂದೆ ಪಾಸ್‌ವರ್ಡ್ ಕೊಟ್ಟವನೇ ಈಗ ಮಾರ್ಕ್ಸ್ ಕಾರ್ಡ್ ಕೇಳ್ತಿರೋದು ಅಂತ ಅದಕ್ಕೆ ತಾನಾಗಿ ಗೊತ್ತಾಗಲ್ಲ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್‌ನವನು ಯಾರ ಮುಖನೂ ನೆನಪಿಟ್ಕೊಳ್ಳಲ್ಲ, ಟೋಕನ್ ನೋಡಿ ಚಪ್ಪಲಿ ಕೊಡ್ತಾನೆ, ಸರ್ವರ್ ಕೆಲಸನೂ ಅಷ್ಟೇ. ಪಾಸ್‌ವರ್ಡ್ ಸರಿ ಇದ್ರೆ ಅದು ಒಂದು ನಂಬರ್ ಕೊಡುತ್ತೆ, ಬ್ರೌಸರ್ ಅದನ್ನ ಇಟ್ಕೊಂಡು ಮುಂದಿನ ಪ್ರತಿ ಕೋರಿಕೆ ಜೊತೆ ತೋರಿಸ್ಬೇಕು. ಆ ನಂಬರಿನ ಹೆಸರಲ್ಲಿ ಸರ್ವರ್ ಇಟ್ಕೊಳ್ಳೋ ಲೆಕ್ಕವೇ ಸೆಷನ್, ನಂಬರ್ ಇರೋದು ಕುಕೀಯಲ್ಲಿ. ಸರ್ವರ್ ಅದನ್ನ ಕೊಡೋ ಸಾಲು ಹೀಗಿರುತ್ತೆ:

```
Set-Cookie: sid=7f3a91; Path=/; HttpOnly; Secure
```

ಬ್ರೌಸರ್ ಇದನ್ನ ತಗೊಳ್ಳದೆ ಬಿಸಾಡಿದ್ರೆ ಸರ್ವರ್‌ಗೆ ಅದು ಗೊತ್ತಾಗಲ್ಲ, ಏನೂ ಎರರ್ ಬರಲ್ಲ. ಮುಂದಿನ ಕೋರಿಕೆ ಟೋಕನ್ ಇಲ್ಲದೆ ಬರುತ್ತೆ, ಸರ್ವರ್ "ಯಾರಪ್ಪ ನೀನು, ಲಾಗಿನ್ ಆಗು" ಅಂತ ಲಾಗಿನ್ ಪೇಜಿಗೆ ವಾಪಸ್ ಕಳಿಸುತ್ತೆ. ಅಂದ್ರೆ ಸೆಷನ್ ಮುರಿದಿಲ್ಲ, ಸರ್ವರ್ ಒಳಗೆ ಅದು ಆರಾಮಾಗಿ ಇದೆ. ಅದನ್ನ ತೋರಿಸೋ ನಂಬರ್ ಮಾತ್ರ ಬ್ರೌಸರ್ ಹತ್ರ ಇಲ್ಲ.

ಬ್ರೌಸರ್ ಯಾಕೆ ಬಿಸಾಡುತ್ತೆ ಅಂದ್ರೆ ಆ ಕುಕೀ ಬಂದಿರೋದು ಮೇಲೆ ಅಡ್ರೆಸ್ ಬಾರ್‌ನಲ್ಲಿ ಕಾಣೋ ಸೈಟಿಂದ ಅಲ್ಲ. ಥರ್ಡ್ ಪಾರ್ಟಿ ಅನ್ನೋದು ಇದೇ. ಒಂದೇ ಕುಕೀ, ಅದೇ ಸರ್ವರ್ ಕೊಟ್ಟಿದ್ದು, ಆ ಸೈಟನ್ನ ನೇರವಾಗಿ ತೆಗೆದ್ರೆ ಫಸ್ಟ್ ಪಾರ್ಟಿ, ಬೇರೆಯವರ ಪೇಜ್ ಒಳಗೆ ಒಂದು ಚೌಕದಲ್ಲಿ, ಅಂದ್ರೆ ಫ್ರೇಮ್‌ನಲ್ಲಿ, ಕೂರಿಸಿ ತೆಗೆದ್ರೆ ಥರ್ಡ್ ಪಾರ್ಟಿ. ಜಾಹೀರಾತು ಕಂಪನಿಗಳು ವರ್ಷಗಟ್ಟಲೆ ಇದೇ ದಾರೀಲಿ ಜನರನ್ನ ಸೈಟಿಂದ ಸೈಟಿಗೆ ಹಿಂಬಾಲಿಸಿದ್ವು, ಅದಕ್ಕೇ ಬಾಗಿಲು ಹಾಕಿದ್ದು. ಜಾಹೀರಾತಿನ ಫ್ರೇಮ್ ಯಾವುದು, ಕಾಲೇಜಿನ ಲಾಗಿನ್ ಫ್ರೇಮ್ ಯಾವುದು ಅಂತ ಬ್ರೌಸರ್‌ಗೆ ನೋಡಿದ ತಕ್ಷಣ ಹೇಳೋಕಾಗಲ್ಲ, ತಾಂತ್ರಿಕವಾಗಿ ಎರಡೂ ಒಂದೇ ಥರ ಕಾಣ್ತವೆ.

ಒಂದು ಕಾಲೇಜು ಅಂತ ಇಟ್ಕೊಳ್ಳಿ

ತುಮಕೂರಿನ ಒಂದು ಡಿಗ್ರಿ ಕಾಲೇಜು. ಅವರ ಸೈಟ್ `www.college.example`. ಫೀ, ಅಟೆಂಡೆನ್ಸ್, ಇಂಟರ್ನಲ್ ಮಾರ್ಕ್ಸ್ ಎಲ್ಲ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ನೋಡ್ಕೊಳ್ಳುತ್ತೆ, ಅದರ ಪೋರ್ಟಲ್ ಇರೋದು `portal.vendor.example`ನಲ್ಲಿ. ಹುಡುಗರು ಬೇರೆ ಸೈಟಿಗೆ ಹೋದ್ರೆ ಗಾಬರಿ ಆಗ್ತಾರೆ, ನಮ್ಮ ಲೋಗೋ, ನಮ್ಮ ಮೆನು ಕಾಣ್ಬೇಕು ಅಂತ ಕಾಲೇಜಿನವರು ಕೇಳಿದ್ರು. ಸೈಟ್ ಮಾಡೋ ಹುಡುಗ ಒಂದೇ ಸಾಲಲ್ಲಿ ಮುಗಿಸಿದ:

```
<iframe src="https://portal.vendor.example/login"></iframe>
```

ಈಗ ಒಬ್ಬ ಸ್ಟೂಡೆಂಟ್ ಐಫೋನ್‌ನಲ್ಲಿ ಕಾಲೇಜಿನ ಸೈಟ್ ತೆಗೀತಾಳೆ. ಫ್ರೇಮ್ ಒಳಗೆ ಲಾಗಿನ್ ಪೇಜ್ ಬರುತ್ತೆ, ಬರುವಾಗಲೇ ಪೋರ್ಟಲ್ ಒಂದು ಸೆಷನ್ ಕುಕೀ ಕೊಡುತ್ತೆ, ಫಾರ್ಮ್ ಒಳಗೆ ಕಾಣದ ಹಾಗೆ ಒಂದು ಗುಟ್ಟಿನ ಅಂಕಿನೂ ಇಡುತ್ತೆ. ಬೇರೆ ಸೈಟ್‌ನವರು ಇವಳ ಹೆಸರಲ್ಲಿ ಸುಳ್ಳು ಫಾರ್ಮ್ ಕಳಿಸಬಾರದು ಅಂತ ಇರೋ ಕಾವಲು ಅದು, ಸಿಎಸ್‌ಆರ್‌ಎಫ್ ಟೋಕನ್ ಅಂತಾರೆ. ಸಫಾರಿ ಕುಕೀಯನ್ನ ಬಿಸಾಡ್ತು. ಅವಳು ಪಾಸ್‌ವರ್ಡ್ ಹಾಕಿ ಒತ್ತಿದ್ಲು. ಫಾರ್ಮ್‌ನಲ್ಲಿ ಗುಟ್ಟಿನ ಅಂಕಿ ಇದೆ, ಆದ್ರೆ ಅದನ್ನ ಹೋಲಿಸಿ ನೋಡೋಕೆ ಬೇಕಾದ ಸೆಷನ್ ಕುಕೀ ಬರಲಿಲ್ಲ. ಸರ್ವರ್ ಪಾಸ್‌ವರ್ಡ್ ನೋಡೋಕೇ ಹೋಗಲ್ಲ, ಅದಕ್ಕೆ ಮೊದಲೇ ತಳ್ಳಿಹಾಕುತ್ತೆ. ಪೋರ್ಟಲ್ ಲಾರಾವೆಲ್‌ನಲ್ಲಿ ಕಟ್ಟಿದ್ದಾದ್ರೆ `419 PAGE EXPIRED` ಅಂತ ಬರುತ್ತೆ, ಜಾಂಗೋ ಆದ್ರೆ 403 ಜೊತೆ `CSRF verification failed` ಅಂತ ಬರುತ್ತೆ. ಪೇಜ್ ಎಕ್ಸ್‌ಪೈರ್ಡ್ ಅಂತ ನೋಡಿದವರು ಹೊತ್ತಾಯ್ತೇನೋ ಅಂದ್ಕೊಂಡು ರಿಫ್ರೆಶ್ ಮಾಡಿ ಬೇಗ ಬೇಗ ಟೈಪ್ ಮಾಡ್ತಾರೆ ಪಾಪ, ಎಷ್ಟು ಬೇಗ ಮಾಡಿದ್ರೂ ಅಷ್ಟೇ.

ಕೆಲವು ಪೋರ್ಟಲ್‌ಗಳಲ್ಲಿ ಲಾಗಿನ್ ಫಾರ್ಮ್‌ಗೆ ಆ ಕಾವಲೇ ಇರಲ್ಲ. ಅಲ್ಲಿ ಕಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಬೀಳುತ್ತೆ. ಪಾಸ್‌ವರ್ಡ್ ನೋಡ್ತು, ಸರಿ ಇದೆ, ಹೊಸ ಕುಕೀ ಕೊಡ್ತು, ಡ್ಯಾಶ್‌ಬೋರ್ಡ್‌ಗೆ ಹೋಗು ಅಂತು. ಬ್ರೌಸರ್ ಕುಕೀ ಇಲ್ಲದೆ ಡ್ಯಾಶ್‌ಬೋರ್ಡ್ ಕೇಳ್ತು, ಸರ್ವರ್ ಮತ್ತೆ ಲಾಗಿನ್‌ಗೆ ಕಳಿಸ್ತು. ಇದೆಲ್ಲ ಅರ್ಧ ಸೆಕೆಂಡ್ ಒಳಗೆ ಆಗುತ್ತೆ, ಕಣ್ಣಿಗೆ ಕಾಣೋದು ಆ ಮಿನುಗು ಮಾತ್ರ. ಕಂಪನಿಯವರ ಲಾಗ್ ನೋಡಿದ್ರೆ "ಲಾಗಿನ್ ಸಕ್ಸಸ್" ಅಂತಾನೇ ಬರೆದಿರುತ್ತೆ. ಆಫೀಸಿಗೆ ಫೋನ್ ಮಾಡಿದ್ರೆ "ನಮ್ಮ ಕಡೆ ಎಲ್ಲ ಸರಿ ಇದೆ ಮೇಡಂ, ನೀವು ಹತ್ತು ಸಲ ಲಾಗಿನ್ ಆಗಿದ್ದೀರ" ಅಂತಾರೆ. ಅವರೂ ಸುಳ್ಳು ಹೇಳ್ತಿಲ್ಲ.

ಆಮೇಲೆ ಪಾಸ್‌ವರ್ಡ್ ರೀಸೆಟ್ ಶುರುವಾಗುತ್ತೆ. ರೀಸೆಟ್ ಲಿಂಕ್ ಎಸ್‌ಎಂಎಸ್‌ನಲ್ಲೋ ಮೇಲ್‌ನಲ್ಲೋ ಬರುತ್ತೆ, ಒತ್ತಿದ್ರೆ ಪೋರ್ಟಲ್‌ನ ಸ್ವಂತ ಪೇಜ್ ನೇರವಾಗಿ ತೆರೆಯುತ್ತೆ, ಅಲ್ಲಿ ಕುಕೀ ಫಸ್ಟ್ ಪಾರ್ಟಿ, ಹಾಗಾಗಿ ಹೊಸ ಪಾಸ್‌ವರ್ಡ್ ಹಾಕಿದ ತಕ್ಷಣ ಒಳಗೂ ಹೋಗ್ತಾಳೆ. ಓ, ಹಳೇ ಪಾಸ್‌ವರ್ಡೇ ತಪ್ಪಿತ್ತು ಅಂತ ಎಲ್ಲರೂ ನಂಬ್ತಾರೆ. ಮಾರನೇ ದಿನ ಕಾಲೇಜಿನ ಸೈಟಿಂದ ಹೋದ್ರೆ ಮತ್ತೆ ಅದೇ ಗೋಳು. ರೀಸೆಟ್ ಮಾಡಿದ್ರೆ ಸರಿ ಹೋಗುತ್ತೆ ಅನ್ನೋ ಈ ಸುಳ್ಳು ಸಮಾಧಾನದಿಂದಲೇ ನಿಜವಾದ ಕಾರಣ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳಲ್ಲ.

ಮಾಡಿದವರಿಗೆ ಯಾಕೆ ಗೊತ್ತಾಗಲಿಲ್ಲ

ಟೆಸ್ಟ್ ಮಾಡದೇ ಬಿಟ್ರು ಅಂತ ಬಯ್ಯೋದು ಸುಲಭ, ಆದ್ರೆ ಟೆಸ್ಟ್ ಮಾಡಿದವರಿಗೂ ಇದು ಕಾಣಲ್ಲ. ಡೆವಲಪರ್ ತನ್ನ ಲ್ಯಾಪ್‌ಟಾಪ್‌ನಲ್ಲಿ ಕಾಲೇಜಿನ ಸೈಟನ್ನ `localhost:3000`ನಲ್ಲಿ, ಪೋರ್ಟಲನ್ನ `localhost:8000`ನಲ್ಲಿ ಓಡಿಸ್ತಾನೆ. ಬ್ರೌಸರ್ ಒಂದೇ ಸೈಟಾ ಬೇರೆ ಸೈಟಾ ಅಂತ ನೋಡುವಾಗ ಪೋರ್ಟ್ ನಂಬರ್ ಲೆಕ್ಕಕ್ಕೆ ತಗೊಳ್ಳಲ್ಲ. ಅವನ ಮಟ್ಟಿಗೆ ಎರಡೂ ಒಂದೇ ಸೈಟ್, ಕುಕೀ ಆರಾಮಾಗಿ ಓಡಾಡುತ್ತೆ, ಎಲ್ಲ ಕೆಲಸ ಮಾಡುತ್ತೆ. ನಿಜವಾದ ಅಡ್ರೆಸ್‌ಗಳಿಗೆ ಹಾಕಿದ ಮೇಲೆ ತೊಂದರೆ ಹುಟ್ಟುತ್ತೆ, ಅದೂ ಎಲ್ಲರಿಗೂ ಅಲ್ಲ.

ಇಲ್ಲಿ ಇನ್ನೊಂದು ಗೋಡೆ ಇದೆ, ಇದನ್ನ ಥರ್ಡ್ ಪಾರ್ಟಿ ಕುಕೀ ಬ್ಲಾಕ್ ಅನ್ನೋ ಮೊದಲಿನ ಗೋಡೆ ಜೊತೆ ಬೆರೆಸಿಕೊಂಡು ಜನ ತುಂಬಾ ಗೊಂದಲ ಮಾಡ್ಕೊಳ್ತಾರೆ. 2020ರ ಫೆಬ್ರವರಿಯಲ್ಲಿ ಬಂದ ಕ್ರೋಮ್ 80ರಿಂದ ಒಂದು ನಿಯಮ ಜಾರಿಗೆ ಬಂತು: ಕುಕೀ ಕೊಡುವಾಗ ಅದು ಬೇರೆ ಸೈಟ್ ಒಳಗೂ ಓಡಾಡಬಹುದು ಅಂತ ಬಾಯ್ಬಿಟ್ಟು ಹೇಳದೇ ಇದ್ರೆ ಕ್ರೋಮ್ ಅದನ್ನ `SameSite=Lax` ಅಂತಲೇ ತಗೊಳ್ಳುತ್ತೆ, ಬೇರೆ ಸೈಟಿನ ಫ್ರೇಮ್ ಒಳಗೆ ಬಿಡಲ್ಲ. ಬೇಕು ಅಂದ್ರೆ `SameSite=None; Secure` ಅಂತ ಬರೀಬೇಕು. ಇದಕ್ಕೂ ಥರ್ಡ್ ಪಾರ್ಟಿ ಕುಕೀ ಸೆಟ್ಟಿಂಗ್‌ಗೂ ಸಂಬಂಧ ಇಲ್ಲ. ಅಂದ್ರೆ ಕ್ರೋಮ್‌ನ ಮಾಮೂಲಿ ವಿಂಡೋದಲ್ಲೂ ಎಲ್ಲರಿಗೂ ಲಾಗಿನ್ ಆಗದೇ ವಾಪಸ್ ಬರ್ತಿದ್ರೆ ಹೆಚ್ಚಾಗಿ ಈ ಸಾಲು ಬರೆದಿಲ್ಲ ಅಂತ ಅರ್ಥ. ಮಾಮೂಲಿ ಕ್ರೋಮ್‌ನಲ್ಲಿ ಆಗಿ, ಇನ್‌ಕಾಗ್ನಿಟೋ ಮತ್ತು ಐಫೋನ್‌ನಲ್ಲಿ ಆಗ್ತಿಲ್ಲ ಅಂದ್ರೆ ಸಾಲು ಸರಿ ಇದೆ, ಬ್ಲಾಕ್ ಮಾಡೋ ಗೋಡೆ ಮಾತ್ರ ಅಡ್ಡ ಇದೆ.

ಫೈರ್‌ಫಾಕ್ಸ್‌ನಲ್ಲಿ ಕಾಣೋ ಲಕ್ಷಣವೇ ಬೇರೆ. ಅದು ಕುಕೀಯನ್ನ ಬಿಸಾಡಲ್ಲ, ಕಾಲೇಜಿನ ಸೈಟ್ ಒಳಗಿನ ಪೋರ್ಟಲ್‌ಗೆ ಒಂದು ಡಬ್ಬ, ನೇರವಾಗಿ ತೆಗೆದ ಪೋರ್ಟಲ್‌ಗೆ ಇನ್ನೊಂದು ಡಬ್ಬ ಇಡುತ್ತೆ. ಹಾಗಾಗಿ ಫ್ರೇಮ್ ಒಳಗೆ ಲಾಗಿನ್ ಆಗುತ್ತೆ, ಆದ್ರೆ ಇನ್ನೊಂದು ಟ್ಯಾಬ್‌ನಲ್ಲಿ ಆಗಲೇ ಲಾಗಿನ್ ಆಗಿದ್ರೂ ಫ್ರೇಮ್ ಮತ್ತೆ ಪಾಸ್‌ವರ್ಡ್ ಕೇಳುತ್ತೆ.

ಇದೇ ಕಾಯಿಲೆ ಅಂತ ಗೊತ್ತು ಮಾಡ್ಕೊಳ್ಳೋದು

ಕಾಲೇಜಿನ ಆಫೀಸಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋರು ಯಾರೇ ಆಗಲಿ ಇದನ್ನ ಮಾಡಬಹುದು. ಫ್ರೇಮ್ ಒಳಗಿನ ಪೇಜ್‌ನ ಅಡ್ರೆಸ್ ತಗೊಂಡು, ಅದೇ ಬ್ರೌಸರ್‌ನಲ್ಲಿ, ಅದೇ ಇನ್‌ಕಾಗ್ನಿಟೋದಲ್ಲಿ, ಬೇರೆ ಟ್ಯಾಬ್‌ನಲ್ಲಿ ನೇರವಾಗಿ ತೆಗೀರಿ. ಅಲ್ಲಿ ಅದೇ ಪಾಸ್‌ವರ್ಡ್‌ಗೆ ಒಳಗೆ ಬಿಟ್ಟು, ಫ್ರೇಮ್‌ನಲ್ಲಿ ಬಿಡ್ತಿಲ್ಲ ಅಂದ್ರೆ ಮುಕ್ಕಾಲು ಭಾಗ ತೀರ್ಮಾನ ಆಯ್ತು.

ಪಕ್ಕಾ ಆಗ್ಬೇಕು ಅಂದ್ರೆ ಕ್ರೋಮ್‌ನಲ್ಲಿ ಎಫ್12 ಒತ್ತಿ `Network` ಟ್ಯಾಬ್ ತೆಗೆದು, `Preserve log` ಟಿಕ್ ಮಾಡಿ, ಆಮೇಲೆ ಲಾಗಿನ್ ಒತ್ತಿ. ಟಿಕ್ ಮಾಡದಿದ್ರೆ ಪೇಜ್ ಬದಲಾದಾಗ ಪಟ್ಟಿ ಅಳಿಸಿ ಹೋಗಬಹುದು, ನೋಡ್ಬೇಕಾದ ಸಾಲೇ ಸಿಗಲ್ಲ. ಲಾಗಿನ್ ಕೋರಿಕೆಗೆ ಬಂದ ಉತ್ತರದಲ್ಲಿ `Set-Cookie` ಇದೆಯಾ ನೋಡಿ, ಅದರ ಪಕ್ಕ ಹಳದಿ ಎಚ್ಚರಿಕೆ ಗುರುತು ಇದ್ರೆ ಅದರ ಮೇಲೆ ಮೌಸ್ ಇಟ್ರೆ ಯಾಕೆ ತಡೆದಿದ್ದು ಅಂತ ಬರುತ್ತೆ, ಬಳಸೋರ ಸೆಟ್ಟಿಂಗ್‌ನಿಂದಾನಾ ಇಲ್ಲ `SameSite` ನಿಯಮದಿಂದಾನಾ ಅಂತ. ಮೇಲೆ ಹೇಳಿದ ಎರಡು ಗೋಡೆ ಬೇರ್ಪಡೋದು ಇಲ್ಲಿ. ಆಮೇಲೆ ಅದರ ಮುಂದಿನ ಕೋರಿಕೆ ನೋಡಿ, ಕಳಿಸಿದ ಹೆಡರ್‌ಗಳಲ್ಲಿ `Cookie` ಅನ್ನೋ ಸಾಲು ಇರಲ್ಲ.

ತಪ್ಪು ಪಾಸ್‌ವರ್ಡ್ ಹಾಕಿ ನೋಡೋ ಉಪಾಯನೂ ಕೆಲವರು ಹೇಳ್ತಾರೆ, ತಪ್ಪು ಹಾಕಿದಾಗ ಕೆಂಪು ಮೆಸೇಜ್ ಬಂದು ಸರಿ ಹಾಕಿದಾಗ ಸುಮ್ಮನೆ ವಾಪಸ್ ಬಂದ್ರೆ ಸೆಷನ್ ತೊಂದರೆ ಅಂತ. ಬಂದ್ರೆ ನಂಬಬಹುದು. ಆದ್ರೆ ಎಷ್ಟೋ ಪೋರ್ಟಲ್‌ಗಳು ಆ ಕೆಂಪು ಮೆಸೇಜನ್ನೂ ಸೆಷನ್ ಒಳಗೇ ಇಟ್ಟು ಮುಂದಿನ ಪೇಜ್‌ನಲ್ಲಿ ತೋರಿಸ್ತವೆ, ಸೆಷನ್ನೇ ಇಲ್ಲ ಅಂದ್ಮೇಲೆ ಮೆಸೇಜೂ ಇಲ್ಲ. ಹಾಗಾಗಿ ಮೆಸೇಜ್ ಬರಲಿಲ್ಲ ಅಂತ ಈ ಕಾರಣವನ್ನ ತಳ್ಳಿಹಾಕೋಹಾಗಿಲ್ಲ.

ಯಾರ ವಾದ ಏನು

ಬ್ರೌಸರ್ ಮಾಡೋರಲ್ಲಿ ಆಪಲ್ ಮತ್ತು ಮೊಜಿಲಾ ಹೇಳೋದು, ಜನರನ್ನ ಹಿಂಬಾಲಿಸೋಕೆ ಬಳಕೆಯಾಗೋ ದಾರಿ ಮುಚ್ಚಿದಾಗ ಕೆಲವು ಒಳ್ಳೆ ಬಳಕೆಗೂ ಪೆಟ್ಟು ಬೀಳುತ್ತೆ, ಅದಕ್ಕೆ ಬೇರೆ ದಾರಿ ಕೊಟ್ಟಿದ್ದೀವಿ, ಅದನ್ನ ಬಳಸಿ ಅಂತ. ಗೂಗಲ್ ನಿಂತಿರೋ ಜಾಗ ಇಕ್ಕಟ್ಟಿನದು. ಬ್ರೌಸರೂ ಅವರದೇ, ಜಾಹೀರಾತು ವ್ಯಾಪಾರನೂ ಅವರದೇ. ಕುಕೀ ತೆಗೆದ್ರೆ ಬೇರೆ ಜಾಹೀರಾತು ಕಂಪನಿಗಳು ಸೊರಗಿ ಗೂಗಲ್ಲೇ ಇನ್ನಷ್ಟು ಬೆಳೆಯುತ್ತೆ ಅನ್ನೋ ದೂರಿನ ಮೇಲೆ ಬ್ರಿಟನ್‌ನ ಸ್ಪರ್ಧಾ ನಿಯಂತ್ರಣ ಸಂಸ್ಥೆ 2021ರಿಂದಲೇ ತನಿಖೆ ಮಾಡ್ತಾ ಬಂತು. ಕ್ರೋಮ್ ಹಿಂದೇಟು ಹಾಕಿದ್ರಲ್ಲಿ ಈ ಒತ್ತಡದ ಪಾಲೂ ಇದೆ. ಕಾಲೇಜು ಪೋರ್ಟಲ್ ಕೆಟ್ಟುಹೋಗುತ್ತಲ್ಲ ಅಂತ ಯಾರೂ ಅಲ್ಲಿ ತಲೆ ಕೆಡಿಸ್ಕೊಂಡಿರಲಿಲ್ಲ ಬಿಡಿ.

ಪೋರ್ಟಲ್ ಕಂಪನಿಯ ಸಪೋರ್ಟ್‌ನವರ ವಾದ ಚಿಕ್ಕದು: ಸೆಟ್ಟಿಂಗ್‌ಗೆ ಹೋಗಿ ಥರ್ಡ್ ಪಾರ್ಟಿ ಕುಕೀ ಆನ್ ಮಾಡಿ, ಐಫೋನ್ ಆದ್ರೆ ಕ್ರಾಸ್ ಸೈಟ್ ಟ್ರ್ಯಾಕಿಂಗ್ ತಡೆ ಆಫ್ ಮಾಡಿ. ಆಫ್ ಮಾಡಿದ್ರೆ ಲಾಗಿನ್ ಆಗುತ್ತೆ, ಅದು ಸುಳ್ಳಲ್ಲ. ಆದ್ರೆ ಐಫೋನ್‌ನಲ್ಲಿ ಆ ಸ್ವಿಚ್ ಒಂದು ಸೈಟ್‌ಗೆ ಅಂತ ಇರಲ್ಲ, ಎಲ್ಲ ಸೈಟ್‌ಗೂ ಸೇರಿ ಒಂದೇ. ಒಂದು ಫೀ ಕಟ್ಟೋಕೆ ಅಂತ ಆಫ್ ಮಾಡಿದ ಹುಡುಗಿ ಅದನ್ನ ಮತ್ತೆ ಆನ್ ಮಾಡ್ತಾಳೆ ಅಂತ ಯಾರೂ ನಂಬಲ್ಲ. ಸಾವಿರಾರು ಜನ ತಮ್ಮ ಫೋನಿನ ಕಾವಲು ತೆಗೀಬೇಕು, ಕಂಪನಿ ಒಂದು ಸಾಲು ಬದಲಾಯಿಸಬಾರದು ಅನ್ನೋದು ಯಾವ ನ್ಯಾಯ ಅಂತ ಕೇಳ್ಲೇಬೇಕಾಗುತ್ತೆ.

ಕಾಲೇಜಿನವರ ವಾದದಲ್ಲಿ ಅರ್ಥ ಇದೆ, ಹಳ್ಳಿಯಿಂದ ಬಂದ ಮೊದಲ ವರ್ಷದ ಹುಡುಗರಿಗೆ ಗೊತ್ತಿರೋದು ಕಾಲೇಜಿನ ಅಡ್ರೆಸ್ ಒಂದೇ, ಬೇರೆ ಹೆಸರಿನ ಸೈಟ್ ಬಂದ್ರೆ ಮೋಸ ಅಂದ್ಕೊಳ್ತಾರೆ ಅಂತ. ಆದ್ರೆ ಸೆಕ್ಯೂರಿಟಿ ನೋಡೋರು ಇದನ್ನೇ ತಿರುಗಿಸಿ ಹಾಕ್ತಾರೆ. ಫ್ರೇಮ್ ಒಳಗಿನ ಬಾಕ್ಸ್ ಯಾರದು ಅಂತ ಅಡ್ರೆಸ್ ಬಾರ್ ಹೇಳಲ್ಲ, ಪಾಸ್‌ವರ್ಡ್ ಎಲ್ಲಿಗೆ ಹೋಗ್ತಿದೆ ಅಂತ ನೋಡೋಕೆ ಬಳಸೋರಿಗೆ ದಾರಿನೇ ಇಲ್ಲ. ಇದೇ ಕಾರಣಕ್ಕೆ ಬ್ಯಾಂಕ್‌ಗಳಂಥ ಸೈಟ್‌ಗಳು ತಮ್ಮ ಲಾಗಿನ್ ಪೇಜನ್ನ ಯಾರೂ ಫ್ರೇಮ್ ಮಾಡದ ಹಾಗೆ `Content-Security-Policy` ಹೆಡರ್‌ನಲ್ಲಿ `frame-ancestors` ಅಂತ ಬರೆದು ತಡೀತವೆ. ನನ್ನ ತೂಕ ಈ ಕಡೆಗೇ. ಕುಕೀ ಬ್ಲಾಕ್ ಆಗದೇ ಇದ್ದಿದ್ರೂ ಲಾಗಿನ್ ಫಾರ್ಮ್ ಇರಬೇಕಾದ ಜಾಗ ಇನ್ನೊಬ್ಬರ ಪೇಜಿನ ಹೊಟ್ಟೆ ಅಲ್ಲ.

ಸರಿ ಮಾಡೋ ದಾರಿಗಳು, ಅವುಗಳ ಬೆಲೆ

ಮೊದಲು ಎಲ್ಲರೂ ಮಾಡೋದು `SameSite=None; Secure` ಬರೆಯೋದು. ಇದರಿಂದ ಮಾಮೂಲಿ ಕ್ರೋಮ್ ಸರಿ ಹೋಗುತ್ತೆ, ಸಫಾರಿ, ಇನ್‌ಕಾಗ್ನಿಟೋ ಹಾಗೇ ಉಳೀತವೆ. ಜೊತೆಗೆ ಆ ಕುಕೀ ಈಗ ಯಾವ ಸೈಟಿಂದ ಕೋರಿಕೆ ಬಂದ್ರೂ ಹೋಗುತ್ತೆ, ಹಾಗಾಗಿ ಸಿಎಸ್‌ಆರ್‌ಎಫ್ ಕಾವಲು ಇಲ್ಲದ ಪೋರ್ಟಲ್‌ನಲ್ಲಿ ಇದನ್ನ ಬರೆಯೋದು ಅಪಾಯ.

ಎರಡನೇದು ಕ್ರೋಮ್ 114ರಿಂದ, ಅಂದ್ರೆ 2023ರಿಂದ, ಬಂದ `Partitioned` ಅನ್ನೋ ಗುರುತು:

```
Set-Cookie: __Host-sid=7f3a91; Path=/; Secure; HttpOnly; SameSite=None; Partitioned
```

ಇದು ಫೈರ್‌ಫಾಕ್ಸ್ ಮಾಡೋ ಹಾಗೆ ಕಾಲೇಜಿನ ಸೈಟ್ ಒಳಗಿನ ಪೋರ್ಟಲ್‌ಗೆ ಅಂತಲೇ ಬೇರೆ ಡಬ್ಬ ಕೊಡುತ್ತೆ, ಥರ್ಡ್ ಪಾರ್ಟಿ ಕುಕೀ ಬ್ಲಾಕ್ ಇದ್ರೂ ಕ್ರೋಮ್ ಇದನ್ನ ಬಿಡುತ್ತೆ. ಚಾಟ್ ಬಾಕ್ಸ್, ಮ್ಯಾಪ್ ಥರದ್ದಕ್ಕೆ ಒಳ್ಳೇದು. ಫೀ ಕಟ್ಟೋ ಪೋರ್ಟಲ್‌ಗೆ ಬಂದಾಗ ಕೈಕೊಡುತ್ತೆ. ಸ್ಟೂಡೆಂಟ್ ಫ್ರೇಮ್ ಒಳಗೆ ಲಾಗಿನ್ ಆಗಿ ಪೇ ಒತ್ತಿದ್ರೆ ಪೇಮೆಂಟ್ ಗೇಟ್‌ವೇ ಫ್ರೇಮ್ ಒಳಗೆ ತೆರೆಯಲ್ಲ, ಇಡೀ ವಿಂಡೋ ತಗೊಳ್ಳುತ್ತೆ. ಯುಪಿಐನಲ್ಲಿ ದುಡ್ಡು ಹೋಯ್ತು, ಗೇಟ್‌ವೇ ವಾಪಸ್ ಕಳಿಸೋದು `portal.vendor.example`ಗೆ, ಈ ಸಲ ಫ್ರೇಮ್ ಇಲ್ಲದೆ ನೇರವಾಗಿ. ಅಲ್ಲಿನ ಡಬ್ಬದಲ್ಲಿ ಆ ಕುಕೀ ಇಲ್ಲ. ದುಡ್ಡು ಕಟ್ಟಿ ಬಂದವಳಿಗೆ ರಸೀದಿ ಬದಲು ಲಾಗಿನ್ ಪೇಜ್ ಕಾಣುತ್ತೆ. ಗೇಟ್‌ವೇ ಸರ್ವರ್‌ನಿಂದ ಸರ್ವರ್‌ಗೆ ಬೇರೆ ಸುದ್ದಿ ಕಳಿಸೋ ವ್ಯವಸ್ಥೆ ಇದ್ರೆ ಫೀ ಜಮಾ ಆಗಿರುತ್ತೆ, ವಾಪಸ್ ಬಂದ ಪೇಜನ್ನೇ ನಂಬಿ ಜಮಾ ಮಾಡೋ ಪೋರ್ಟಲ್ ಆದ್ರೆ ಅದೂ ಆಗಿರಲ್ಲ. ಕೊನೇ ದಿನ ಇದನ್ನ ನೋಡಿದ ಯಾರಾದ್ರೂ ಇನ್ನೊಂದ್ಸಲ ಕಟ್ಟೇ ಕಟ್ತಾರೆ.

ಮೂರನೇದು ಬಳಸೋರನ್ನ ಕೇಳಿ ಅನುಮತಿ ತಗೊಳ್ಳೋ ದಾರಿ, ಫ್ರೇಮ್ ಒಳಗಿನ ಪೇಜ್ `document.requestStorageAccess()` ಅಂತ ಕರೆಯುತ್ತೆ. ಬಳಸೋರು ಏನಾದ್ರೂ ಒತ್ತಿದಾಗ ಮಾತ್ರ ಕರೀಬಹುದು, ಸಫಾರಿಯಲ್ಲಾದ್ರೆ ಆ ಪೋರ್ಟಲನ್ನ ಮೊದಲು ನೇರವಾಗಿ ತೆಗೆದು ಬಳಸಿರಲೇಬೇಕು. ನೇರವಾಗಿ ತೆಗೀಲೇಬೇಕು ಅಂದ್ಮೇಲೆ ಅಲ್ಲೇ ಲಾಗಿನ್ ಮಾಡಿಸಬಹುದಲ್ಲ.

ಅದೇ ನಾಲ್ಕನೇ ದಾರಿ, ಖರ್ಚೇ ಇಲ್ಲದ್ದು. ಫ್ರೇಮ್ ತೆಗೆದು ಅಲ್ಲೊಂದು ಬಟನ್ ಇಡೋದು, ಒತ್ತಿದ್ರೆ ಪೋರ್ಟಲ್ ಪೂರ್ತಿ ಪೇಜಾಗಿ ತೆರೀಬೇಕು. ಕುಕೀ ಫಸ್ಟ್ ಪಾರ್ಟಿ ಆಗುತ್ತೆ, ಮೇಲೆ ಹೇಳಿದ ಬ್ರೌಸರ್‌ಗಳಲ್ಲೆಲ್ಲ ನಡೆಯುತ್ತೆ, ಅಡ್ರೆಸ್ ಬಾರ್‌ನಲ್ಲಿ ನಿಜವಾದ ಹೆಸರು ಕಾಣುತ್ತೆ. ಲೋಗೋ ಬೇಕು ಅಂದ್ರೆ ಪೋರ್ಟಲ್ ಪೇಜ್‌ನಲ್ಲೇ ಕಾಲೇಜಿನ ಲೋಗೋ ಹಾಕಿಸಬಹುದು.

ಹೆಸರೂ ಕಾಲೇಜಿನದೇ ಇರಬೇಕು ಅಂದ್ರೆ ಐದನೇದು. ಕಾಲೇಜಿನ ಡಿಎನ್‌ಎಸ್‌ನಲ್ಲಿ, ಅಂದ್ರೆ ಯಾವ ಹೆಸರು ಯಾವ ಸರ್ವರ್‌ಗೆ ಹೋಗ್ಬೇಕು ಅನ್ನೋ ಪಟ್ಟಿಯಲ್ಲಿ, ಒಂದು ಸಾಲು ಸೇರಿಸಿ, ಪೋರ್ಟಲನ್ನ ಕಾಲೇಜಿನ ಹೆಸರಿನ ಕೆಳಗೇ ತರೋದು:

```
portal.college.example.  CNAME  portal.vendor.example.
```

ಕಂಪನಿಯವರು ಆ ಹೆಸರಿಗೆ ಸರ್ಟಿಫಿಕೇಟ್ ಮಾಡಿಸಿ, ತಮ್ಮ ಸರ್ವರ್ ಆ ಹೆಸರಿಗೂ ಉತ್ತರ ಕೊಡೋ ಹಾಗೆ ಮಾಡ್ಬೇಕು. `www` ಮತ್ತು `portal` ಎರಡೂ ಒಂದೇ `college.example` ಕೆಳಗೆ ಬರೋದ್ರಿಂದ ಬ್ರೌಸರ್‌ಗೆ ಅದು ಒಂದೇ ಸೈಟ್, ಫ್ರೇಮ್ ಇಟ್ರೂ ಕುಕೀ ಬಿಡುತ್ತೆ, `Lax` ಇದ್ರೂ ಸಾಕು. ಕಾಲೇಜಿನ ಅಡ್ರೆಸ್ `.ac.in`, `.edu.in`ನಲ್ಲಿ ಮುಗಿದ್ರೆ ಒಂದು ಎಚ್ಚರ: ಒಂದೇ ಸೈಟ್ ಅನ್ನೋದು ಆ ಕೊನೆಯ ಭಾಗದ ಹಿಂದಿನ ಹೆಸರು ಒಂದೇ ಇದ್ದಾಗ ಮಾತ್ರ. ಎರಡು ಕಾಲೇಜುಗಳು `.ac.in` ಹಂಚ್ಕೊಂಡ ಮಾತ್ರಕ್ಕೆ ಒಂದೇ ಸೈಟ್ ಆಗಲ್ಲ, ಒಂದೇ ಟ್ರಸ್ಟ್ ನಡೆಸ್ತಿದ್ರೂ ಆಗಲ್ಲ. ಟ್ರಸ್ಟ್‌ನ ಒಂದು ಕಾಲೇಜಿನ ಹೆಸರಲ್ಲಿ ಪೋರ್ಟಲ್ ಇಟ್ಟು ಉಳಿದ ಕಾಲೇಜುಗಳ ಸೈಟಲ್ಲಿ ಫ್ರೇಮ್ ಹಾಕಿದ್ರೆ ಶುರುವಿನ ಕಥೆನೇ ಮತ್ತೆ.

ಇದರಲ್ಲೂ ಸಫಾರಿ ಒಂದು ಕೊಕ್ಕೆ ಇಟ್ಟಿದೆ. ಜಾಹೀರಾತು ಕಂಪನಿಗಳೂ ಇದೇ `CNAME` ಉಪಾಯ ಮಾಡೋಕೆ ಶುರು ಮಾಡಿದ್ಮೇಲೆ, ಹೀಗೆ ಬೇರೆಯವರ ಹೆಸರಿಗೆ ತಿರುಗೋ ಅಡ್ರೆಸ್‌ನಿಂದ ಬಂದ ಕುಕೀಗಳ ಆಯಸ್ಸನ್ನ ಅದು 7 ದಿನಕ್ಕೆ ಕತ್ತರಿಸುತ್ತೆ. ಲಾಗಿನ್ ಒಂದೆರಡು ಗಂಟೆ ಇದ್ರೆ ಸಾಕು ಅನ್ನೋ ಕಡೆ ಇದು ತಾಗಲ್ಲ, "ತಿಂಗಳು ನೆನಪಿಟ್ಕೊ" ಅನ್ನೋ ಟಿಕ್ ಬಾಕ್ಸ್ ಇದ್ರೆ ತಾಗಬಹುದು.

ಮುಂದೇನಾಗಬಹುದು

ಕ್ರೋಮ್ ಸುಮ್ಮನಾಗಿದ್ದರಿಂದ ಈ ತೊಂದರೆ ಎಲ್ಲರಿಗೂ ಒಂದೇ ದಿನ ಬೀಳಲ್ಲ, ಒಬ್ಬೊಬ್ಬರಿಗೇ ಬೀಳ್ತಾ ಹೋಗುತ್ತೆ. ಅದೇ ಇದರ ಕೆಟ್ಟ ಗುಣ. ಇಡೀ ಕಾಲೇಜಿಗೆ ಲಾಗಿನ್ ನಿಂತಿದ್ರೆ ಸಂಜೆ ಒಳಗೆ ಯಾರಾದ್ರೂ ಸರಿ ಮಾಡಿಸ್ತಿದ್ರು. ಈಗ ನೂರರಲ್ಲಿ ಕೆಲವರಿಗೆ ಮಾತ್ರ ಆಗೋದ್ರಿಂದ ಅದು ಆ ಹುಡುಗರ ಫೋನಿನ ತಪ್ಪು ಅಂತಾನೇ ಉಳಿಯುತ್ತೆ, ಐಫೋನ್ ಹೆಚ್ಚಾದ ಹಾಗೆ ದೂರೂ ಹೆಚ್ಚುತ್ತೆ, ಅಷ್ಟೇ. ಕಾಲೇಜಿನ ಕಡೆಯಿಂದ ಮಾಡಬಹುದಾದ್ದು, ಪೋರ್ಟಲ್ ಕಾಂಟ್ರಾಕ್ಟ್ ರಿನ್ಯೂ ಮಾಡುವಾಗ ಐಫೋನ್ ಸಫಾರಿಯಲ್ಲೂ ಕ್ರೋಮ್ ಇನ್‌ಕಾಗ್ನಿಟೋದಲ್ಲೂ ಲಾಗಿನ್‌ನಿಂದ ಫೀ ರಸೀದಿವರೆಗೆ ಎದುರಿಗೇ ಮಾಡಿ ತೋರಿಸಿ ಅಂತ ಕೇಳೋದು, ಆಮೇಲೆ ಸಹಿ ಹಾಕೋದು. `CNAME` ದಾರಿ ಹಿಡಿದಿದ್ರೆ ಕಂಪನಿ ಬದಲಾಯಿಸಿದ ದಿನವೇ ಡಿಎನ್‌ಎಸ್‌ನ ಆ ಸಾಲು ತೆಗೆಸಬೇಕು. ಬಿಟ್ರೆ, ಹಳೇ ಕಂಪನಿ ಆ ಜಾಗ ಖಾಲಿ ಮಾಡಿದ್ಮೇಲೆ ಬೇರೆ ಯಾರೋ ಅದನ್ನ ಹಿಡಿದು, ಕಾಲೇಜಿನ ಹೆಸರಲ್ಲೇ ಒಂದು ಲಾಗಿನ್ ಪೇಜ್ ಇಡೋಕೆ ದಾರಿ ತೆರೆದಿರುತ್ತೆ, ಅಲ್ಲಿ ಕುಕೀ, ಸರ್ಟಿಫಿಕೇಟ್, ಅಡ್ರೆಸ್ ಎಲ್ಲ ಸರಿಯಾಗೇ ಕಾಣುತ್ತೆ.